ರಿಪೋರ್ಟಿಗೆ ಇನ್ನಷ್ಟು ದಿನ ಬೇಕೆ? ಲೆಕ್ಚರರ್‌ಗೆ ಹೀಗೆ ಮೇಲ್ ಬರೆಯಿರಿ

ನಾನು ಎಂಬಿಎ ಮಕ್ಕಳಿಗೆ ಮಾರ್ಕೆಟಿಂಗ್ ಪಾಠ ಮಾಡುತ್ತೇನೆ. ರಿಸರ್ಚ್ ರಿಪೋರ್ಟಿನ ಗಡುವು ಹತ್ತಿರ ಬಂತೆಂದರೆ ಮೇಲ್‌ಗಳು ಶುರು: ‘ಮೇಡಂ, ಜ್ವರ, ಸ್ವಲ್ಪ ಟೈಮ್ ಕೊಡಿ.’ ಸ್ವಲ್ಪ ಅಂದರೆ ಎಷ್ಟು? ಅದೊಂದು ಮಾತ್ರ ಯಾರೂ ಬರೆಯುವುದಿಲ್ಲ.

ಮೊದಲು, ಗಡುವಿಗೆ ಎರಡು ದಿನವಾದರೂ ಇರುವಾಗಲೇ ಕಳಿಸಿ. ಕಾಲೇಜಿನ ಐಡಿಯಿಂದಲೇ ಕಳಿಸಿ, ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಬೇಡ. ವಿಷಯದ ಸಾಲಿನಲ್ಲಿ ರಿಪೋರ್ಟಿನ ಹೆಸರು, ರೋಲ್ ನಂಬರ್, ಕೇಳುವ ತಾರೀಕು ಇರಲಿ.

ಕಾಯಿಲೆಗೆ ಒಂದೇ ವಾಕ್ಯ ಸಾಕು. ‘3ನೇ ತಾರೀಕಿನಿಂದ ಟೈಫಾಯ್ಡ್, 11ರವರೆಗೆ ವಿಶ್ರಾಂತಿ ಹೇಳಿದ್ದಾರೆ, ಸರ್ಟಿಫಿಕೇಟ್ ಲಗತ್ತಿಸಿದ್ದೇನೆ.’ ಎಷ್ಟು ಸಲ ವಾಂತಿಯಾಯಿತು ಅನ್ನೋದೆಲ್ಲ ನನಗೆ ಬೇಡ. ಸರ್ಟಿಫಿಕೇಟಿನ ಮೇಲೆ ಅಡ್ಡಕ್ಕೆ ತನ್ನ ಹೆಸರನ್ನೇ ಒತ್ತುವ ಉಚಿತ ಸ್ಕ್ಯಾನ್ ಆ್ಯಪ್‌ಗಳಿವೆ. ಅದಕ್ಕಿಂತ ಹಗಲು ಬೆಳಕಲ್ಲಿ ತೆಗೆದ ಫೋಟೊ ವಾಸಿ.

ಎಡವುವುದು ಮುಂದಿನ ಪ್ಯಾರಾದಲ್ಲಿ. ಆಗಿದ್ದೆಷ್ಟು, ಉಳಿದಿದ್ದೆಷ್ಟು ಎಂದು ಅಲ್ಲಿ ಲೆಕ್ಕ ಕೊಡಬೇಕು. ಪ್ಯಾಕೆಟ್ ದೋಸೆ ಹಿಟ್ಟನ್ನು ಯಾರು ಕೊಳ್ಳುತ್ತಾರೆ ಎಂಬ ಸರ್ವೆ ನಿಮ್ಮದು ಅಂದುಕೊಳ್ಳಿ. ಗಡುವು 12. ಆಗ ಹೀಗೆ ಬರೆಯಿರಿ:

‘ಮೊದಲ ಎರಡು ಅಧ್ಯಾಯ ಮುಗಿದಿವೆ, ಕರಡು ಲಗತ್ತಿಸಿದ್ದೇನೆ. 100 ಜನರಲ್ಲಿ 62 ಮಂದಿಯ ಪ್ರಶ್ನಾವಳಿ ಕೈಯಲ್ಲಿದೆ. ಅದರಲ್ಲಿ 50 ದಾಟಿದವರು ಆರೇ ಮಂದಿ. ಹಾಗಾಗಿ ವಯಸ್ಸಿನ ಗುಂಪುಗಳನ್ನು ಈಗಲೇ ಹೋಲಿಸಲು ಆಗುವುದಿಲ್ಲ. ಉಳಿದ 38 ಮಂದಿಯನ್ನು 12, 13ರಂದು ಮಾತಾಡಿಸುತ್ತೇನೆ. 14, 15ಕ್ಕೆ ಡೇಟಾ ಎಂಟ್ರಿ, ಟೇಬಲ್. 16ಕ್ಕೆ ಬರವಣಿಗೆ. 17ರ ಸಂಜೆ 4ಕ್ಕೆ ಸಲ್ಲಿಸಲು ಅವಕಾಶ ಕೊಡುತ್ತೀರಾ ಮೇಡಂ?’

ಇದನ್ನು ಓದಿದರೆ ಐದು ದಿನ ಯಾಕೆ ಬೇಕೆಂದು ನಾನು ಕೇಳಬೇಕಾಗಿಯೇ ಇಲ್ಲ. 50 ದಾಟಿದವರು ಆರೇ ಮಂದಿ ಎಂದು ಒಪ್ಪಿಕೊಂಡದ್ದು ನನಗೆ ತುಂಬ ಮುಖ್ಯ. ಹುಷಾರಿಲ್ಲದವರು ಕೂತಲ್ಲೇ ಗೂಗಲ್ ಫಾರ್ಮನ್ನು ಗೆಳೆಯರ ಗ್ರೂಪಿಗೆ ಹಾಕಿ ನೂರು ತುಂಬಿಸಿಬಿಡುತ್ತಾರೆ. ಆಮೇಲೆ ನೋಡಿದರೆ ಹಿಟ್ಟು ಕೊಳ್ಳುವವರೆಲ್ಲ 22 ವರ್ಷದ ಹಾಸ್ಟೆಲ್ ಹುಡುಗರು! ಅದಕ್ಕಿಂತ 80 ಜನರಿಗೆ ನಿಲ್ಲಿಸಬಹುದಾ ಅಂತ ಇದೇ ಮೇಲ್‌ನಲ್ಲಿ ಕೇಳಿ. ನಾನಾದರೆ ಒಪ್ಪುತ್ತೇನೆ, ಆದರೆ ರಿಪೋರ್ಟಿನ ಮಿತಿಗಳ ಭಾಗದಲ್ಲಿ ಅದನ್ನು ಬರೆದಿರಬೇಕು.

‘ಒಂದು ತಿಂಗಳು ಕೊಡಿ’ ಅನ್ನಬೇಡಿ. ಇಂಟರ್ನಲ್ ಮಾರ್ಕ್ಸ್ ಕೊಡಲು ನಮಗೂ ಕೊನೆ ದಿನ ಅಂತ ಒಂದಿರುತ್ತದೆ. ಅದು ದಾಟಿದರೆ ಮನಸ್ಸಿದ್ದರೂ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಗುಂಪಿನ ರಿಪೋರ್ಟಾದರೆ ಜೊತೆಯವರಿಗೂ ಕಾಪಿ ಹಾಕಿ. ಕೊನೆಗೆ ಹೆಸರು, ಸೆಕ್ಷನ್, ಫೋನ್ ನಂಬರ್.

ಉತ್ತರ ಬರಲಿಲ್ಲ ಅಂದರೆ ಒಪ್ಪಿದರು ಅಂತ ಸುಮ್ನೆ ಕೂರಬೇಡಿ. ಒಂದು ದಿನ ನೋಡಿ ಅದೇ ಮೇಲ್‌ಗೆ ಎರಡು ಸಾಲು ಸೇರಿಸಿ ಮತ್ತೆ ಕಳಿಸಿ. ಆಗಲೂ ಉತ್ತರ ಇಲ್ಲವಾದರೆ 12ಕ್ಕೆ ಇದ್ದಷ್ಟನ್ನೇ ಸಲ್ಲಿಸಿ, ಮೊದಲ ಪುಟದಲ್ಲಿ ‘ಅಪೂರ್ಣ ಕರಡು’ ಎಂದು ಬರೆದಿಡಿ.