ಅರಬ್ಬಿ ಗಂಟೆ, ತಿಂಗಳು, ತಾರೀಖು: ದಿನಬಳಕೆಗೆ ನಾನು ಇಟ್ಟುಕೊಂಡ ಲೆಕ್ಕ

ನಾಲ್ಕೂ ಮುಕ್ಕಾಲು ಎನ್ನಲು ಅರಬ್ಬಿಯಲ್ಲಿ ‘ಖಮ್ಸ ಇಲ್ಲಾ ರುಬು’ ಎನ್ನುತ್ತಾರೆ. ಖಮ್ಸ ಅಂದರೆ ಐದು, ರುಬು ಅಂದರೆ ಕಾಲು. ನಡುವಿನ ‘ಇಲ್ಲಾ’ ಪದದ ಅರ್ಥ ‘ಬಿಟ್ಟು’ ಎಂದು. ಕನ್ನಡ ಕಿವಿಗೆ ಇದು ‘ಐದು, ಕಾಲು ಇಲ್ಲ’ ಎಂದೇ ಕೇಳಿಸುತ್ತದೆ, ಅರ್ಥವೂ ಅದೇ. ಎರಡು ಭಾಷೆಗೂ ನಂಟಿಲ್ಲ, ಆದರೂ ನೆನಪಿಗೆ ಇದಕ್ಕಿಂತ ಒಳ್ಳೆಯ ಕೊಕ್ಕೆ ಸಿಗಲಾರದು. ತೊಡಕು ಇರುವುದು ಬೇರೆ ಕಡೆ. ನಾವು ‘ನಾಲ್ಕೂ ಮುಕ್ಕಾಲು’ ಎನ್ನುವಾಗ ಕಳೆದ ಗಂಟೆಯ ಹೆಸರು ಹೇಳುತ್ತೇವೆ, ಅವರು ಬರಲಿರುವ ಗಂಟೆಯದು ಹೇಳುತ್ತಾರೆ. ಖಮ್ಸ ಎಂದು ಕೇಳಿದೊಡನೆ ಮನಸ್ಸು ಐದಕ್ಕೆ ಅಂಟಿಕೊಂಡರೆ ಐದೂ ಕಾಲಿಗೆ ಹೋಗಿ ನಿಲ್ಲುತ್ತೀರಿ. ಹಾಗಾಗಿ ಗಂಟೆ ಕೇಳಿಸಿದ ಮೇಲೆ ಮುಂದಿನ ಪದ ‘ವ’ (ಮತ್ತು) ಎಂದೋ ‘ಇಲ್ಲಾ’ ಎಂದೋ ಕೇಳುವ ತನಕ ನಾನು ಏನನ್ನೂ ಗುರುತು ಹಾಕಿಕೊಳ್ಳುವುದಿಲ್ಲ.

ನಮ್ಮಲ್ಲಿ ಇಲ್ಲದ ಇನ್ನೊಂದು ಅಳತೆ ‘ಥುಲುಥ್’, ಗಂಟೆಯ ಮೂರರಲ್ಲಿ ಒಂದು ಪಾಲು, ಅಂದರೆ 20 ನಿಮಿಷ. ‘ಸಬ ವ ಥುಲುಥ್’ ಏಳೂ ಇಪ್ಪತ್ತು, ‘ಸಬ ಇಲ್ಲಾ ಥುಲುಥ್’ ಆರೂ ನಲವತ್ತು. ಇಪ್ಪತ್ತೈದು ನಿಮಿಷವನ್ನು ಅರ್ಧಕ್ಕೆ ತಗುಲಿಸುತ್ತಾರೆ: ‘ಸಬ ವ ನುಸ್ ಇಲ್ಲಾ ಖಮ್ಸ’, ಏಳೂವರೆಗೆ ಐದು ಕಮ್ಮಿ, 7:25. ‘ನುಸ್ ವ ಖಮ್ಸ’ ಆದರೆ 7:35.

ಮಾತಿನಲ್ಲಿ ಎಣಿಕೆಯ ಸಂಖ್ಯೆಯೇ ಸಾಕು. ರೇಡಿಯೋ, ಬ್ಯಾಂಕಿನ ಫೋನ್ ದನಿ, ಬರಹದ ಅರಬ್ಬಿ ಇವು ಒಂದು ಗಂಟೆಯೊಂದನ್ನು ಬಿಟ್ಟು ಉಳಿದುದಕ್ಕೆ ‘ಎರಡನೆಯ’, ‘ಮೂರನೆಯ’ ಎಂಬ ರೂಪ ಹಿಡಿಯುತ್ತವೆ. ಅಲ್ಲಿ ‘ಥಾನಿಯಾ’ ಎರಡು ಗಂಟೆ, ‘ಥಾಮಿನಾ’ ಎಂಟು ಗಂಟೆ. ಫೋನಿನ ಗರಗರದಲ್ಲಿ ಇವೆರಡೂ ಒಂದೇ ಥರ ಕೇಳುತ್ತವೆ. ಅನುಮಾನ ಬಂದರೆ ನಾನು ಮಾತಿನ ರೂಪಕ್ಕೆ ತಿರುಗಿಸಿ ಕೇಳುತ್ತೇನೆ: ‘ಥಿನ್ತೇನ್?’ (ಎರಡಾ?) ‘ಥಮಾನಿಯಾ?’ (ಎಂಟಾ?) ಎಂದು. ಇವು ಬೆರೆಯುವ ಪ್ರಶ್ನೆಯೇ ಇಲ್ಲ.

ಗಂಟೆಗಿಂತ ದೊಡ್ಡ ಬಲೆ ದಿನದ್ದು. ನಮ್ಮ ಪಂಚಾಂಗಕ್ಕೆ ದಿನ ಹುಟ್ಟುವುದು ಸೂರ್ಯೋದಯಕ್ಕೆ, ಕಚೇರಿಗೆ ನಡುರಾತ್ರಿಗೆ, ಮುಸ್ಲಿಮರ ಚಾಂದ್ರ ಪಂಚಾಂಗವಾದ ಹಿಜ್ರಿ ಲೆಕ್ಕಕ್ಕೆ ಸೂರ್ಯಾಸ್ತಕ್ಕೆ. ರಾತ್ರಿ ಮೊದಲು, ಹಗಲು ಆಮೇಲೆ. ಆದ್ದರಿಂದ ‘ಲೈಲತುಲ್ ಜುಮುಅ’, ಪದಶಃ ಶುಕ್ರವಾರದ ರಾತ್ರಿ, ನಮ್ಮ ಬಾಯಲ್ಲಿ ಗುರುವಾರ ರಾತ್ರಿ. ಮದುವೆಯ ಕರೆಯೋಲೆಯಲ್ಲಿ ಈ ಪದ ಕಂಡರೆ ನಾನು ಕೂಡಲೇ ಪಕ್ಕದ ಇಂಗ್ಲಿಷ್ ತಾರೀಖು ನೋಡುತ್ತೇನೆ. ಅದು ಇಲ್ಲದಿದ್ದರೆ ಕೇಳುವುದೇ ಸರಿ, ಏಕೆಂದರೆ ಈಗ ಕೆಲವರು ಶುಕ್ರವಾರದ ಸಂಜೆಗೂ ಹೀಗೆ ಬರೆದುಬಿಡುತ್ತಾರೆ.

ಹನ್ನೆರಡು ತಿಂಗಳ ಹೆಸರು ಬಾಯಿಪಾಠ ಮಾಡುವ ಮೊದಲು ನಮ್ಮೂರ ಬಳಕೆಯ ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ನಾವು ‘ಮೊಹರಂ’ ಎಂದರೆ ಪಂಜಾ ಕೂರಿಸುವ ಹಬ್ಬ. ಅರಬ್ಬಿಯಲ್ಲಿ ಮುಹರ್ರಮ್ ಇಡೀ ಮೊದಲ ತಿಂಗಳು, ಹತ್ತನೆಯ ದಿನದ ಹೆಸರು ಆಶೂರಾ. ನಾವು ‘ರಂಜಾನ್ ಹಬ್ಬ’ ಎನ್ನುವ ದಿನ ರಮದಾನ್ ತಿಂಗಳು ಮುಗಿದೇ ಹೋಗಿರುತ್ತದೆ, ಅದು ಶವ್ವಾಲ್ ಒಂದನೆಯ ತಾರೀಖು. ಉಳಿದ ಗೂಟಗಳು ಸುಲಭ: ಈದ್ ಮಿಲಾದ್ ಮೂರನೆಯ ತಿಂಗಳು ರಬೀಉಲ್ ಅವ್ವಲ್‌ನ 12, ಬಕ್ರೀದ್ ಕೊನೆಯ ತಿಂಗಳು ದುಲ್ ಹಿಜ್ಜದ 10. ಉರ್ದು ಬಾಯಲ್ಲಿ ಇದೇ ಜಿಲ್ಹಿಜ್ಜ.

ಮೂರು ಮತ್ತು ನಾಲ್ಕು ಎರಡೂ ರಬೀ, ಐದು ಮತ್ತು ಆರು ಎರಡೂ ಜುಮಾದಾ. ಮೊದಲನೆಯದಕ್ಕೆ ಅವ್ವಲ್ ಅಥವಾ ಊಲಾ, ಎರಡನೆಯದಕ್ಕೆ ಆಖಿರ್ ಅಥವಾ ಆಖಿರಾ ಅಂಟುತ್ತದೆ. ಅರ್ಜಿಯಲ್ಲಿ ಬಾಲ ಬಿಟ್ಟು ಬರೀ ‘ರಬೀ’ ಎಂದು ಬರೆದರೆ ತಿಂಗಳು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ಆಗ ಅಂಕಿಯಲ್ಲಿ 3 ಅಥವಾ 4 ಎಂದು ಹಾಕುವುದೇ ಮೇಲು. ಹಿಜ್ರಿಗೆ ನಮ್ಮ ಅಧಿಕ ಮಾಸದಂಥ ಸರಿಪಡಿಕೆಯೂ ಇಲ್ಲ. ಸೌದಿಯ ಸರಕಾರಿ ಹಿಜ್ರಿ ಪಟ್ಟಿಯಾದ ಉಮ್ಮುಲ್ ಖುರಾ ಕ್ಯಾಲೆಂಡರಿನಲ್ಲಿ 1446ರ ಮುಹರ್ರಮ್ ಒಂದು 2024ರ ಜುಲೈ 7ಕ್ಕೆ, 1447ರದು 2025ರ ಜೂನ್ 26ಕ್ಕೆ. ನಡುವೆ 354 ದಿನ. ಹಿಜ್ರಿ ತಾರೀಖಿನಲ್ಲಿ ಬರೆದ ಒಂದು ವರ್ಷದ ಬಾಡಿಗೆ ಕರಾರು ನೀವು ಎಣಿಸಿದ್ದಕ್ಕಿಂತ ಹತ್ತು ಹನ್ನೊಂದು ದಿನ ಮೊದಲೇ ಮುಗಿಯುತ್ತದೆ.

ಈಗ ಬರೆಯುವ ಕೆಲಸ. ಸೌದಿಯ ಕಾಗದಗಳಲ್ಲಿ ಜೋಡಿ ತಾರೀಖು ಹೀಗಿರುತ್ತದೆ:

```
الجمعة ١٠ ذو الحجة ١٤٤٦هـ
الموافق ٦ يونيو ٢٠٢٥م
```

ಬಲದಿಂದ ಓದಿ: ಶುಕ್ರವಾರ, 10, ದುಲ್ ಹಿಜ್ಜ, 1446. ಕೊನೆಯ `هـ` ಹಿಜ್ರಿಯ ಗುರುತು. ಕೆಳಗಿನ ಸಾಲಿನ ‘ಅಲ್ ಮುವಾಫಿಖ್’ ಎಂದರೆ ‘ಇದಕ್ಕೆ ಸರಿಯಾದ ದಿನ’, ಜೂನ್ 6, 2025. ಅಲ್ಲಿನ `م` ಮೀಲಾದಿ, ಅಂದರೆ ಕ್ರಿಸ್ತಶಕ. ಇದೇ ಅಕ್ಷರ ಗಂಟೆಯ ಪಕ್ಕ ಬಂದರೆ ‘ಮಸಾಅನ್’, ಮಧ್ಯಾಹ್ನದ ನಂತರದ ಹೊತ್ತು, `ص` ಬೆಳಗಿನದು. ಎಷ್ಟು ಅಂಕಿಯ ಪಕ್ಕ ಕೂತಿದೆ ಎನ್ನುವುದರಿಂದಲೇ ಇದನ್ನು ಬಿಡಿಸಬೇಕು. ಜೂನ್ `يونيو` ಮತ್ತು ಜುಲೈ `يوليو` ನಡುವೆ ಒಂದೇ ಅಕ್ಷರದ ವ್ಯತ್ಯಾಸ, ಮಸಿ ಹರಡಿದ ನಕಲಿನಲ್ಲಿ ಇದು ಕಣ್ಣಿಗೆ ಮೋಸ ಮಾಡುತ್ತದೆ.

ಅಂಕಿಗಳಲ್ಲಿ ಕನ್ನಡಿಗರಿಗೇ ಮೀಸಲಾದ ತಪ್ಪು ಒಂದಿದೆ. ಬಸ್ಸಿನ ಮೇಲೆ ‘೦’ ಓದಿ ಬೆಳೆದ ಕಣ್ಣಿಗೆ ದುಂಡಗಿನ `٥` ಸೊನ್ನೆಯಾಗಿ ಕಾಣುತ್ತದೆ, ಅದು ಐದು. ಸೊನ್ನೆ ಬರೀ ಚುಕ್ಕೆ, `٠`. ಕೈಬರಹದಲ್ಲಿ ಮೂರರ ಹಲ್ಲುಗಳು ಸವೆದು ಅಚ್ಚಿನ ಎರಡರಂತೆ ಆಗುತ್ತವೆ, ಆದ್ದರಿಂದ ಅದೇ ಕೈ ಬರೆದ ಇನ್ನೊಂದು ಎರಡನ್ನು ಹುಡುಕಿ ಹೋಲಿಸಿಯೇ ತೀರ್ಮಾನಿಸುತ್ತೇನೆ. ಅಭ್ಯಾಸಕ್ಕೆ ಸೌದಿ ಕಾರುಗಳ ನಂಬರ್ ಪ್ಲೇಟ್ ಚೆನ್ನ, ಮೇಲೆ ಅರಬ್ಬಿ ಅಂಕಿ, ಕೆಳಗೆ ನಮಗೆ ಗೊತ್ತಿರುವ ಅಂಕಿ.

ಸಂಖ್ಯೆಯ ಒಳಗಿನ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ, ಆದರೆ ಪೆನ್ನಿನಲ್ಲಿ ಬರೆಯುವಾಗ ದಿನ ಬಲತುದಿಗೆ, ವರ್ಷ ಎಡತುದಿಗೆ. ಕಂಪ್ಯೂಟರಿನಲ್ಲಿ ಇದು ಎಡವಟ್ಟಾಗುತ್ತದೆ. ಅರಬ್ಬಿ ಅಂಕಿಗಳ ನಡುವೆ ಓರೆಗೆರೆ ಹಾಕಿದರೆ ಯಂತ್ರ ಇಡೀ ತಾರೀಖನ್ನು ಒಂದೇ ಸಂಖ್ಯೆ ಎಂದು ತಿಳಿದು ದಿನವನ್ನು ಎಡಕ್ಕೆ ಇಡುತ್ತದೆ. ಅಡ್ಡಗೆರೆ ಹಾಕಿದರೆ, ಬಲದಿಂದ ಎಡಕ್ಕೆ ಹೊಂದಿಸಿದ ಸಾಲಿನಲ್ಲಿ ದಿನ ಬಲಕ್ಕೆ ಬರುತ್ತದೆ. ವರ್ಷ ನಾಲ್ಕು ಅಂಕಿಯಲ್ಲಿದ್ದರೆ ಯಾವ ತುದಿ ಯಾವುದು ಎಂದು ಹೇಗೋ ತಿಳಿಯುತ್ತದೆ, ಬರೀ 6 ಮತ್ತು 12 ಇದ್ದರೆ ಇಲ್ಲ. ಹಾಗಾಗಿ ತಿಂಗಳನ್ನು ನಾನು ಅಕ್ಷರದಲ್ಲೇ ಬರೆಯುತ್ತೇನೆ.

ಫೋನಿನಲ್ಲಿ ಹಿಜ್ರಿ ಕ್ಯಾಲೆಂಡರ್ ಹಾಕುವಾಗ ಒಂದಕ್ಕಿಂತ ಹೆಚ್ಚು ಆಯ್ಕೆ ಕಂಡರೆ ಸೌದಿಯ ಕೆಲಸಕ್ಕೆ ಉಮ್ಮುಲ್ ಖುರಾ ಎಂದಿರುವುದನ್ನು ಆರಿಸಿ. ಅದು ಮಕ್ಕಾದ ಚಂದ್ರಾಸ್ತದ ಗಣಿತದ ಮೇಲೆ ಮೊದಲೇ ಕಟ್ಟಿದ ಪಟ್ಟಿ. ರಮದಾನ್, ಶವ್ವಾಲ್, ದುಲ್ ಹಿಜ್ಜ ತಿಂಗಳು ಹಿಡಿಯುವುದನ್ನು ಮಾತ್ರ ಚಂದ್ರದರ್ಶನದ ಮೇಲೆ ಸಾರುತ್ತಾರೆ, ಆದ್ದರಿಂದ ಪಟ್ಟಿಗೂ ಸಾರಿಕೆಗೂ ಒಂದು ದಿನ ತಪ್ಪಬಹುದು. ಭಾರತದಲ್ಲಿ ದರ್ಶನ ಬೇರೆಯೇ: ಮೇಲೆ ಬರೆದ 1446ರ ದುಲ್ ಹಿಜ್ಜ 10 ಸೌದಿಯಲ್ಲಿ ಶುಕ್ರವಾರ ಜೂನ್ 6 ಆಗಿತ್ತು, ಇಲ್ಲಿ ಬಕ್ರೀದ್ ಶನಿವಾರ ಜೂನ್ 7ಕ್ಕೆ ಬಂತು. ಊರಿಗೆ ಹಿಜ್ರಿ ತಾರೀಖು ಬರೆದು ಕಳಿಸುವಾಗ ವಾರದ ಹೆಸರನ್ನೂ ಸೇರಿಸಿ, ಲೆಕ್ಕ ಒಂದು ದಿನ ಸರಿದಿದ್ದರೂ ಶುಕ್ರವಾರ ಎಲ್ಲಿದ್ದರೂ ಶುಕ್ರವಾರವೇ.