ಒಂದೇ ಕೆರೆಗೆ ಎರಡು ಹೆಸರು: ಜಿಲ್ಲಾ ಯೋಜನೆ ಕ್ರೋಡೀಕರಿಸಿದ ನನ್ನ ಅನುಭವ

ಕೋಲಾರ ಜಿಲ್ಲೆಯಲ್ಲಿ ಯೋಜನಾ ಶಾಖೆಯ ಕೆಲಸಕ್ಕೆ ಬಂದ ಮೊದಲ ವರ್ಷ ನಾನು ಮಾಡಿದ್ದು ಕೂಡುವ ಲೆಕ್ಕ, ಅಷ್ಟೇ. 150ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳ ಕಾಮಗಾರಿ ಪಟ್ಟಿ ತಾಲ್ಲೂಕುಗಳಿಂದ ಬಂತು. ನಗರಸಭೆ, ಪುರಸಭೆಗಳದ್ದು ಬೇರೆ ಕಟ್ಟಾಗಿ ಬಂತು. ರಸ್ತೆ ರಸ್ತೆಗೆ, ಚರಂಡಿ ಚರಂಡಿಗೆ, ಕೆರೆ ಕೆರೆಗೆ ಸೇರಿಸಿ ಮೊತ್ತ ಹಾಕಿ, ಮುನ್ನುಡಿ ಬರೆದು ಬೈಂಡ್ ಮಾಡಿಸಿದೆ. ಅದಕ್ಕೆ ‘ಕರಡು ಜಿಲ್ಲಾ ಅಭಿವೃದ್ಧಿ ಯೋಜನೆ’ ಎಂದು ಹೆಸರಿಟ್ಟೆವು. ಅದು ಯೋಜನೆಯೇ ಆಗಿರಲಿಲ್ಲ ಎಂದು ನನಗೆ ತಿಳಿದದ್ದು ಮುಂದಿನ ವರ್ಷ, ಒಂದು ಕೆರೆಯಿಂದ.

ಸಂವಿಧಾನದ 243 ಝಡ್‌ಡಿ ವಿಧಿಯನ್ನು ಅಷ್ಟರೊಳಗೆ ಎಷ್ಟೋ ಸಲ ಓದಿದ್ದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ತಂದ ವಿಧಿ ಅದು. ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ಮಾಡಿದ ಯೋಜನೆಗಳನ್ನು ಜಿಲ್ಲಾ ಯೋಜನಾ ಸಮಿತಿ ಕ್ರೋಡೀಕರಿಸಬೇಕು, ಜೊತೆಗೆ ಇಡೀ ಜಿಲ್ಲೆಗೆ ಒಂದು ಕರಡು ಯೋಜನೆ ಸಿದ್ಧಪಡಿಸಬೇಕು ಎನ್ನುತ್ತದೆ ಅದು. ನನ್ನ ಕಣ್ಣು ‘ಕ್ರೋಡೀಕರಿಸು’ ಎಂಬಲ್ಲೇ ನಿಂತುಬಿಟ್ಟಿತ್ತು. ಅದೇ ವಿಧಿಯ ಮೂರನೇ ಖಂಡದಲ್ಲಿ ನಿಜವಾದ ಕೆಲಸ ಇದೆ: ಪಂಚಾಯಿತಿಗಳಿಗೂ ಪಟ್ಟಣಗಳಿಗೂ ಸಮಾನವಾಗಿ ಸಂಬಂಧಿಸಿದ ವಿಷಯಗಳನ್ನು ಗಮನಿಸಬೇಕು. ಜಾಗದ ಬಳಕೆ, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಇವು ಅಲ್ಲಿ ಹೆಸರು ಹಿಡಿದು ಬರುತ್ತವೆ. ಅಂದರೆ ಪಂಚಾಯಿತಿ ತಾನೊಂದೇ ಮಾಡಲಾಗದ, ಪುರಸಭೆಯೂ ತಾನೊಂದೇ ಮಾಡಲಾಗದ ಕೆಲಸ ಯಾವುದೋ ಅದೇ ಜಿಲ್ಲಾ ಯೋಜನೆಯ ಸ್ವಂತ ಕೆಲಸ.

ಎರಡನೇ ವರ್ಷದ ಪಟ್ಟಿಯಲ್ಲಿ ಒಂದು ಪಟ್ಟಣದವರು ‘ದೊಡ್ಡಕೆರೆವರೆಗೆ ಮಳೆನೀರು ಚರಂಡಿ ವಿಸ್ತರಣೆ’ ಎಂದು ಬರೆದಿದ್ದರು. ಅದೇ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಊರ ಹೆಸರಿನ ಕೆರೆಯೊಂದರ ಹೂಳೆತ್ತಲು ಉದ್ಯೋಗ ಖಾತ್ರಿಯಲ್ಲಿ ಹಣ ಇಟ್ಟಿತ್ತು. ಆ ಕೆರೆಯ ಅಂಚಿನಲ್ಲೇ ಕುಡಿಯುವ ನೀರಿನ ಕೊಳವೆಬಾವಿಯನ್ನೂ ಕೇಳಿತ್ತು. ಎರಡೂ ಬೇರೆ ಬೇರೆ ಕಟ್ಟಿನಲ್ಲಿ, ಬೇರೆ ಬೇರೆ ಪುಟದಲ್ಲಿ ಇದ್ದವು. ಹೆಸರೂ ಬೇರೆ. ಸೇರಿಸಿ ಮೊತ್ತ ಹಾಕಿದರೆ ಯಾರಿಗೂ ಏನೂ ಕಾಣುವುದಿಲ್ಲ.

ನನಗೆ ಕಂಡದ್ದೂ ಜಾಣತನದಿಂದಲ್ಲ. ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಗೊತ್ತಾಗದೆ ಕೆರೆ ಕೆಲಸಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ. 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟು ಇರುವ ಕೆರೆ ಪಂಚಾಯತ್ ರಾಜ್ ಕಡೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿಗೆ. ಅದನ್ನು ನೋಡಲೆಂದು ಎಲ್ಲ ಕೆರೆ ಕಾಮಗಾರಿಗಳ ಎದುರು ಸರ್ವೆ ನಂಬರ್ ಕಾಲಂ ಹಾಕಿ ಪಹಣಿ ತರಿಸಿದೆ. ಪುರಸಭೆಯ ದೊಡ್ಡಕೆರೆಗೂ ಪಂಚಾಯಿತಿಯ ಊರ ಕೆರೆಗೂ ಒಂದೇ ಸರ್ವೆ ನಂಬರ್ ಬಂತು. ಪಟ್ಟಣದವರಿಗೆ ಅದು ದೊಡ್ಡಕೆರೆ, ಏರಿಯ ಆಚೆಯವರಿಗೆ ತಮ್ಮೂರ ಕೆರೆ. ಅಂದಿನಿಂದ ಹೆಸರನ್ನು ನಂಬುವುದು ಬಿಟ್ಟೆ. ಕೆರೆ, ರಾಜಕಾಲುವೆ, ಕಸ ಹಾಕುವ ಜಾಗ, ಸ್ಮಶಾನ ಇಷ್ಟಕ್ಕೆ ಸರ್ವೆ ನಂಬರ್ ಇಲ್ಲದ ಪಟ್ಟಿಯನ್ನು ವಾಪಸ್ ಕಳಿಸತೊಡಗಿದೆ. ರಸ್ತೆ, ಕಾಂಪೌಂಡುಗಳಿಗೆ ಈ ಹಟ ಬೇಕಿಲ್ಲ. ಗಡಿ ದಾಟುವುದು ಸಾಮಾನ್ಯವಾಗಿ ನೀರು ಮತ್ತು ಕಸ.

ಮಾರನೇ ವಾರ ಸ್ಥಳಕ್ಕೆ ಹೋದೆವು. ಪಿಡಿಒ ಮೇಡಂ, ಪುರಸಭೆಯ ಕಿರಿಯ ಎಂಜಿನಿಯರ್, ನಾನು. ಏರಿಯ ಮೇಲೆ ಪಂಚಾಯಿತಿಯ ನೀರುಗಂಟಿ ಕಾಯುತ್ತಿದ್ದರು, ಅರವತ್ತು ದಾಟಿದವರು. ಆ ವರ್ಷ ಮಳೆ ಇಲ್ಲ, ಸುತ್ತಲ ಕೆರೆಗಳೆಲ್ಲ ಬಿರುಕು ಬಿಟ್ಟಿದ್ದವು. ಇಲ್ಲಿ ಮಾತ್ರ ತೂಬಿನ ಬುಡದಲ್ಲಿ ನೀರು ನಿಂತು, ಅಂಗಳದ ತುಂಬ ಜೊಂಡು ಹಸಿರಾಗಿ ನಿಂತಿತ್ತು. ನೀರು ಇದೆಯಲ್ಲ ಎಂದು ನಾನು ಸಂತೋಷಪಟ್ಟೆ. ಅವರು ತಲೆಯಾಡಿಸಿದರು: ‘ಕೋಡಿ ಬಿದ್ದು ಎಷ್ಟು ವರ್ಷ ಆಯ್ತು ಸಾರ್, ಆದ್ರೂ ಒಣಗಿಲ್ಲ ನೋಡಿ. ಇದು ಮಳೆ ನೀರಲ್ಲ.’ ಪಟ್ಟಣದ ಕಡೆ ಏರಿಯುದ್ದಕ್ಕೂ ನಡೆದೆವು. ಮಳೆನೀರು ಚರಂಡಿ ಎಂದು ಹೆಸರು ಹೊತ್ತ ಕಾಲುವೆಯಲ್ಲಿ ಬಿಸಿಲಿನ ಹೊತ್ತಿನಲ್ಲೂ ಬೂದು ಬಣ್ಣದ ನೀರು ಹರಿಯುತ್ತಿತ್ತು. ಮೇಲೆ ಸೋಪಿನ ನೊರೆ. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ ಎಂದರು ಅವರು. ಮನೆಗಳ ನೀರು ಎಂಬುದಕ್ಕೆ ಅದಕ್ಕಿಂತ ಗುರುತು ಬೇಕೇ? ಮಳೆ ಹೊತ್ತು ನೋಡಿ ಬರುವುದಿಲ್ಲ.

ಸಭೆಗೆ ನೊರೆಯ ಕಥೆ ಸಾಲದು, ಲೆಕ್ಕ ಬೇಕು. ಆ ಚರಂಡಿಗೆ ಬೀಳುವ ವಾರ್ಡುಗಳಲ್ಲಿ ಸುಮಾರು 6,000 ಜನ ಎಂದು ಎಂಜಿನಿಯರ್ ಹೇಳಿದರು. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಮಾನದಂಡ. ನಮ್ಮಲ್ಲಿ ಅದು ಎಲ್ಲಿಂದ ಬರಬೇಕು, ಅರ್ಧ ಅಂದರೆ 70 ಲೀಟರ್ ಹಿಡಿದೆವು. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬ ವಾಡಿಕೆಯ ಲೆಕ್ಕದಲ್ಲಿ ತಲೆಗೆ 56 ಲೀಟರ್, ಒಟ್ಟು ದಿನಕ್ಕೆ 3 ಲಕ್ಷ ಲೀಟರಿಗೂ ಹೆಚ್ಚು. ಕೆರೆ ಪಕ್ಕದ ಹಳೇ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದೆವು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ದಾಟಿತ್ತು. ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಫ್ಲೋರೈಡ್ ನೋಡುತ್ತಾರೆ, ನೈಟ್ರೇಟ್ ಸಾಲನ್ನು ಯಾರೂ ಓದುವುದಿಲ್ಲ. ಫ್ಲೋರೈಡ್ ಕಲ್ಲಿನಿಂದ ಬರುತ್ತದೆ. ಊರ ಪಕ್ಕ ನೈಟ್ರೇಟ್ ಏರಿದರೆ ಬಹಳ ಸಲ ಅದು ಮೇಲಿಂದ, ಕೊಳಚೆ ಅಥವಾ ಗೊಬ್ಬರದಿಂದ ಇಳಿದದ್ದು.

ಈಗ ಮೂರು ಕಾಮಗಾರಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಪುರಸಭೆ ಚರಂಡಿ ಉದ್ದ ಮಾಡಿದರೆ ಕೊಳಚೆ ಇನ್ನೂ ಸಲೀಸಾಗಿ ಕೆರೆ ಸೇರುತ್ತದೆ. ಪಂಚಾಯಿತಿ ಹೂಳೆತ್ತಿದರೆ ಆ ಕೊಳಚೆ ನಿಲ್ಲಲು ಆಳವಾದ ಜಾಗವಾಗುತ್ತದೆ. ಪಕ್ಕದಲ್ಲಿ ಕೊಳವೆಬಾವಿ ಕೊರೆದರೆ ಅದೇ ನೀರು ಊರಿನ ಬಿಂದಿಗೆಗೆ ಬರುತ್ತದೆ. ಮೂರಕ್ಕೂ ಅಂದಾಜು ಪಟ್ಟಿ ಸರಿಯಾಗಿತ್ತು, ಸಭಾ ನಡಾವಳಿ ಇತ್ತು, ತಾಂತ್ರಿಕವಾಗಿ ಯಾವುದರಲ್ಲೂ ತಪ್ಪಿರಲಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಚರಂಡಿಯನ್ನು ಕೆರೆಗೆ ಬಿಡುವ ಬದಲು ಪುರಸಭೆಯ ಗಡಿಯೊಳಗೇ ತಡೆದು, ಪಂಪ್ ಮಾಡಿ ಒಳಚರಂಡಿಯ ಮುಖ್ಯ ಕೊಳವೆಗೆ ಸೇರಿಸಬೇಕು. ಅದಾದ ಮೇಲೆ ಹೂಳು. ಕೊಳವೆಬಾವಿ ಕೆರೆಯ ಮೇಲ್ಭಾಗಕ್ಕೆ. ಕಷ್ಟವಿದ್ದದ್ದು ಹಣದಲ್ಲಿ. ಪುರಸಭೆ ತನ್ನ ಗಡಿಯಾಚೆ ಖರ್ಚು ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಪಂಚಾಯಿತಿಗೂ ಹಾಗೆಯೇ. ಹಾಗಾಗಿ ಹಣ ಸೇರಿಸುವ ಆಸೆ ಬಿಟ್ಟು, ಅವರವರ ಗಡಿಯೊಳಗೆ ಅವರವರ ಕೆಲಸ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮಾತ್ರ ಜಿಲ್ಲಾ ಯೋಜನೆಯಲ್ಲಿ ಎಂದು ಮಾಡಿದೆವು. ಸಮಿತಿಯ ಸಭೆಯಲ್ಲಿ ಪುರಸಭೆಯ ಸದಸ್ಯರೊಬ್ಬರು ಮೊದಲು ವಿರೋಧಿಸಿದರು. ಅದೇ ಕೆರೆಯ ಕೆಳಗೆ ಜಮೀನಿರುವ ಜಿಲ್ಲಾ ಪಂಚಾಯಿತಿ ಸದಸ್ಯರು ಎದ್ದು ಮಾತಾಡಿದ ಮೇಲೆ ಒಪ್ಪಿದರು. ಅಧಿಕಾರಿಗಳು ಮಾತ್ರ ಕೂತ ಸಭೆಯಲ್ಲಿ ಇದು ಆಗುತ್ತಿರಲಿಲ್ಲ. ಸಮಿತಿಯ ಕನಿಷ್ಠ ಐದನೇ ನಾಲ್ಕರಷ್ಟು ಸದಸ್ಯರು ಚುನಾಯಿತರ ನಡುವಿನಿಂದಲೇ ಆರಿಸಿ ಬರಬೇಕು, ಅದೂ ಗ್ರಾಮ ಮತ್ತು ಪಟ್ಟಣದ ಜನಸಂಖ್ಯೆಯ ಪ್ರಮಾಣದಲ್ಲಿ ಎಂದು ಸಂವಿಧಾನ ಏಕೆ ಹೇಳುತ್ತದೆ ಎಂದು ಅವತ್ತು ಅರ್ಥವಾಯಿತು. ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಪಟ್ಟಣದವರು ಶೇ 31ರಷ್ಟು. ಹೀಗೆ ಆರಿಸುವ ಸ್ಥಾನ 16 ಎಂದುಕೊಂಡರೆ 5 ಪಟ್ಟಣಕ್ಕೆ, 11 ಗ್ರಾಮಾಂತರಕ್ಕೆ. ಕೊಳಚೆ ಬಿಡುವವರೂ ಅದನ್ನು ಉಣ್ಣುವವರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಆದರೂ ಆ ವರ್ಷ ಕೆಲಸ ಕೆಟ್ಟಿತು, ತಪ್ಪು ನನ್ನದು. ಅನುಕ್ರಮವನ್ನು ಯೋಜನೆಯ ವಿವರಣೆಯಲ್ಲಿ ಬರೆದಿದ್ದೆ, ಕಾಮಗಾರಿ ಪಟ್ಟಿಯ ಷರಾ ಕಾಲಂನಲ್ಲಿ ಬರೆದಿರಲಿಲ್ಲ. ವಿವರಣೆಯನ್ನು ಯಾರೂ ಓದುವುದಿಲ್ಲ, ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ಪುರಸಭೆಯ ಟೆಂಡರ್ ತಡವಾಯಿತು, ಮಾರ್ಚ್ ಹತ್ತಿರ ಬಂತು, ಪಂಚಾಯಿತಿ ಕೂಲಿಯವರಿಗೆ ಕೆಲಸ ಕೊಡಲೇಬೇಕಿತ್ತು. ಹೂಳು ಮೊದಲು ಎತ್ತಿದರು. ಜೂನ್ ಹೊತ್ತಿಗೆ ಆ ಗುಂಡಿಗಳ ತುಂಬ ಬೂದು ನೀರು. ಮುಂದಿನ ವರ್ಷ ಷರಾದಲ್ಲಿ ‘ಇಂಥ ಕ್ರಮಸಂಖ್ಯೆಯ ಕಾಮಗಾರಿ ಮುಗಿದ ಪ್ರಮಾಣಪತ್ರ ಬಂದ ನಂತರ’ ಎಂದು ಸಂಖ್ಯೆ ಸಮೇತ ಹಾಕಿದೆ. ಇನ್ನೊಂದು ಬದಲಾವಣೆ, ಪಟ್ಟಿಗಳನ್ನು ಅಂತಿಮವಾದ ಮೇಲೆ ತರಿಸುವುದು ಬಿಟ್ಟು ಡಿಸೆಂಬರಿನಲ್ಲಿ, ಇನ್ನೂ ಕರಡಾಗಿರುವಾಗಲೇ ತರಿಸಿದೆ. ಪುರಸಭೆಯ ಬಜೆಟ್ ಒಪ್ಪಿಗೆಯಾದ ಮೇಲೆ ಸಮಿತಿ ಏನು ಹೇಳಿದರೂ ‘ಮುಂದಿನ ವರ್ಷ ನೋಡೋಣ ಸಾರ್’ ಎಂಬ ಉತ್ತರವೇ.

ಸಮಿತಿಯ ಕೈಗೆ ಎಟುಕದ್ದು ಎಷ್ಟಿದೆ ಎಂಬುದೂ ಹೇಳಬೇಕು. ಅದರ ಬಳಿ ಸ್ವಂತ ಹಣವಿಲ್ಲ. ರಾಜ್ಯದಿಂದ ಜಿಲ್ಲೆಗೆ ಬರುವ ಹಣ, ಬಜೆಟ್ಟಿನ ಜಿಲ್ಲಾವಾರು ಹಂಚಿಕೆ ತೋರಿಸುವ ಲಿಂಕ್ ಡಾಕ್ಯುಮೆಂಟಿನಲ್ಲಿ ಲೆಕ್ಕಶೀರ್ಷಿಕೆವಾರು ಕಟ್ಟಿಹಾಕಿ ಬರುತ್ತದೆ. ಸಮಿತಿಯ ಅಧ್ಯಕ್ಷರು ಕರಡನ್ನು ರಾಜ್ಯ ಸರ್ಕಾರಕ್ಕೆ ಕಳಿಸುತ್ತಾರೆ, ಅಲ್ಲಿಗೆ ಸಂವಿಧಾನದ ಮಾತು ಮುಗಿಯುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಈ ಕೊರತೆ ನನಗೆ ಚೆನ್ನಾಗಿ ತಟ್ಟಿತು. ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳ ಸರಣಿ ಹಿಡಿದು ಇಳಿಯುವುದು ಜಿಲ್ಲೆಯ ಅತಿ ದೊಡ್ಡ ನೀರಿನ ಬದಲಾವಣೆ, ನಮ್ಮ ಕರಡಿನಲ್ಲಿ ಅದರ ಸಾಲೇ ಇರಲಿಲ್ಲ. 10 ಲಕ್ಷಕ್ಕಿಂತ ಕಡಿಮೆಯಿಲ್ಲದ ಮಹಾನಗರ ಪ್ರದೇಶಕ್ಕೆ 243 ಝಡ್‌ಇ ಬೇರೆಯೇ ಮಹಾನಗರ ಯೋಜನಾ ಸಮಿತಿಯನ್ನು ಹೇಳುತ್ತದೆ. ಆ ಸಮಿತಿ ಕೇಂದ್ರ, ರಾಜ್ಯದ ಸಂಸ್ಥೆಗಳು ಹಾಕಲಿರುವ ಬಂಡವಾಳವನ್ನೂ ಗಮನಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಜಿಲ್ಲಾ ಸಮಿತಿಯ ವಿಧಿಯಲ್ಲಿ ಆ ಸಾಲಿಲ್ಲ. ಮಹಾನಗರದ ನೀರು ಪಕ್ಕದ ಜಿಲ್ಲೆಗೆ ಹರಿದಾಗ ಎರಡು ಸಮಿತಿಗಳು ಮಾತಾಡಬೇಕೆಂದು ಎರಡೂ ವಿಧಿಗಳಲ್ಲಿ ಇಲ್ಲ. ನಾನು ಮಾಡಬಹುದಾದದ್ದು ಇಷ್ಟೇ: ನೀರು ಬರಲಿರುವ ಕೆರೆಗಳ ಪಟ್ಟಿಯನ್ನು ಸಣ್ಣ ನೀರಾವರಿಯವರಿಂದ ಕೇಳಿ ತಂದು, ನನ್ನ ಸರ್ವೆ ನಂಬರ್ ಕಾಲಂನ ಪಕ್ಕ ಗುರುತು ಹಾಕಿದೆ. ಆ ಗುರುತಿದ್ದ ಕೆರೆಗಳಲ್ಲಿ ನೀರು ತುಂಬುವ ಮೊದಲೇ ತೂಬು, ಕೋಡಿ ದುರಸ್ತಿ ಮುಗಿಸಿಕೊಳ್ಳಿ ಎಂದು ಪಂಚಾಯಿತಿಗಳಿಗೆ ಪತ್ರ ಬರೆದೆವು.

ನಮ್ಮ ಕೆರೆಗೆ ಬೀಳುತ್ತಿದ್ದ ಚರಂಡಿಯನ್ನು ಮೂರನೇ ವರ್ಷ ತಡೆದರು. ಮುಂದಿನ ಬೇಸಿಗೆಯಲ್ಲಿ ಆ ಅಂಗಳವೂ ಸುತ್ತಲ ಕೆರೆಗಳಂತೆ ಒಣಗಿತು. ನೀರುಗಂಟಿ ಫೋನ್ ಮಾಡಿ ಅದನ್ನು ಒಳ್ಳೆಯ ಸುದ್ದಿಯೆಂದೇ ಹೇಳಿದರು. ಪಂಪಿನ ಕರೆಂಟ್ ಬಿಲ್ಲನ್ನು ಯಾವ ಬಾಬಿನಿಂದ ಕಟ್ಟಬೇಕೆಂಬುದು ಮಾತ್ರ ತೀರ್ಮಾನವಾಗಲಿಲ್ಲ. ಪಂಪ್ ನಿಂತ ದಿನ ನೀರು ಹಳೇ ದಾರಿಯನ್ನೇ ಹಿಡಿಯುತ್ತದೆ. 2016ರಲ್ಲಿ ಆರಿಸಿ ಬಂದಿದ್ದ ಜಿಲ್ಲಾ ಪಂಚಾಯಿತಿಯ ಅವಧಿ 2021ರಲ್ಲಿ ಮುಗಿಯಿತು, ಚುನಾವಣೆ ಮುಂದಕ್ಕೆ ಹೋಗುತ್ತಲೇ ಹೋಯಿತು. ಆ ಬಿಲ್ಲಿನ ವಿಷಯ ಸಭೆಯಲ್ಲಿ ಎತ್ತುತ್ತಿದ್ದ, ಕೆರೆಯ ಕೆಳಗೆ ಜಮೀನಿರುವ ಆ ಸದಸ್ಯರು ಈಗ ಸದಸ್ಯರಲ್ಲ.