ಸಂದರ್ಶನಕ್ಕೆ ಅನುಕೂಲ ಕೇಳುವ ಮೇಲ್: ನಾಲ್ಕೇ ಸಾಲು ಸಾಕು

ಅನಾರೋಗ್ಯ ಅಥವಾ ಅಂಗವೈಕಲ್ಯ ಇರುವವರು ಸಂದರ್ಶನದಲ್ಲಿ ಏನಾದರೂ ಬದಲಾವಣೆ ಬೇಕೆಂದು ಬರೆಯುವ ಮೇಲ್‌ಗಳನ್ನು ಆಗಾಗ ನೋಡುತ್ತೇನೆ. ಹೆಚ್ಚಿನವುಗಳಲ್ಲಿ ಕಾಯಿಲೆ ಯಾವಾಗ ಶುರುವಾಯಿತು, ಎಷ್ಟು ಆಪರೇಷನ್ ಆಯಿತು ಎಂಬುದೆಲ್ಲ ಇರುತ್ತದೆ. ಕೊನೆಗೆ ‘ದಯವಿಟ್ಟು ಸಹಕರಿಸಿ’ ಎಂದು ಮುಗಿಯುತ್ತದೆ. ಓದಿದವರಿಗೆ ಮರುಕ ಹುಟ್ಟಬಹುದು, ಆದರೆ ತಾವು ಮಾಡಬೇಕಾದ್ದೇನು ಎಂಬುದು ಮಾತ್ರ ತಿಳಿಯುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಭ್ಯರ್ಥಿಗೆ ಕಿವಿ ಮಂದ, ಶ್ರವಣ ಸಾಧನ ಹಾಕುತ್ತಾರೆ. ಮೊದಲ ಸುತ್ತು ಫೋನಿನಲ್ಲಿ ಎಂದು ಕಂಪನಿ ತಿಳಿಸಿದೆ.

ಹೆಜ್ಜೆ 1: ಯಾರಿಗೆ, ಯಾವಾಗ. ಸಮಯ ಗೊತ್ತುಮಾಡಿದ ಎಚ್‌ಆರ್ ಸಿಬ್ಬಂದಿಗೆ, ಅವರ ಮೇಲ್‌ಗೇ ಉತ್ತರವಾಗಿ, ಅದೇ ದಿನ ಬರೆಯಿರಿ. ಅರ್ಜಿಯಲ್ಲಿ ‘ಅಂಗವೈಕಲ್ಯ ಇದೆಯೇ’ ಎಂಬ ಚೌಕಕ್ಕೆ ಟಿಕ್ ಹಾಕಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಆ ಮಾಹಿತಿ ಎಷ್ಟೋ ಕಡೆ ಅಂಕಿಅಂಶಕ್ಕೆ ಹೋಗುತ್ತದೆಯೇ ಹೊರತು ಸಂದರ್ಶಕರ ಕೈಗೆ ತಲುಪುವುದಿಲ್ಲ.

ಹೆಜ್ಜೆ 2: ಅಡ್ಡಿ ಎಲ್ಲಿದೆ ಎಂದು ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ‘ನನಗೆ ಶ್ರವಣದೋಷವಿದೆ’ ಎಂಬುದು ನಿಮ್ಮ ಸ್ಥಿತಿಯ ವಿವರಣೆ. ಗುರುತಿಸಬೇಕಾದ್ದು ಆ ಸ್ಥಿತಿಗೂ ಈ ಸಂದರ್ಶನದ ಕ್ರಮಕ್ಕೂ ಎಲ್ಲಿ ತಿಕ್ಕಾಟ ಎಂಬುದನ್ನು. ಸಾಂಪ್ರದಾಯಿಕ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವಂತೆ ರೂಪುಗೊಂಡದ್ದು. ‘ಸ’, ‘ಫ’ದಂಥ ಸದ್ದುಗಳ ಬಹುಪಾಲು ಶಕ್ತಿ ಅದಕ್ಕಿಂತ ಮೇಲಿರುತ್ತದೆ. ಎದುರಿಗೆ ಕೂತಾಗ ಆ ಕೊರತೆಯನ್ನು ತುಟಿಯ ಚಲನೆ ತುಂಬಿಕೊಡುತ್ತದೆ, ಫೋನಿನಲ್ಲಿ ಅದೂ ಇಲ್ಲ. ಹಾಗಾಗಿ ನಮ್ಮ ಅಭ್ಯರ್ಥಿಗೆ ಬೇಕಾದ್ದು ಮುಖ ಕಾಣುವ ವಿಡಿಯೊ ಕರೆ ಮತ್ತು ಪರದೆಯ ಮೇಲೆ ಮಾತನ್ನು ಬರಹವಾಗಿ ತೋರಿಸುವ ಕ್ಯಾಪ್ಶನ್. ‘ಜೋರಾಗಿ ಮಾತಾಡಿ’ ಎಂದು ಕೇಳಿದರೆ ಪ್ರಯೋಜನವಿಲ್ಲ. ದನಿ ಏರಿಸಿದರೆ ಸ್ವರಗಳೇ ಹೆಚ್ಚು ಜೋರಾಗುತ್ತವೆ, ಕಳೆದುಹೋದ ವ್ಯಂಜನ ಮರಳಿ ಬರುವುದಿಲ್ಲ.

ಹೀಗೆ ಯೋಚಿಸಿದರೆ ರೋಗದ ಹೆಸರು ಬೇಕಾಗುವುದೇ ಅಪರೂಪ. ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾದವರು ಕರುಳಿನ ಕಾಯಿಲೆಯ ಹೆಸರು ಹೇಳಬೇಕಿಲ್ಲ. ‘ಆರೋಗ್ಯದ ಕಾರಣಕ್ಕೆ ನಡುವೆ 10 ನಿಮಿಷದ ಬಿಡುವು ಬೇಕು’ ಎಂದರೆ ಮುಗಿಯಿತು.

ಹೆಜ್ಜೆ 3: ಬರೆಯಿರಿ.

> ಸಂದರ್ಶನಕ್ಕೆ ಕರೆದದ್ದಕ್ಕೆ ಧನ್ಯವಾದ, ತಿಳಿಸಿದ ದಿನ ಭಾಗವಹಿಸುತ್ತೇನೆ. ನನಗೆ ಶ್ರವಣದೋಷವಿದ್ದು, ಫೋನಿನಲ್ಲಿ ಮಾತು ಸ್ಪಷ್ಟವಾಗುವುದಿಲ್ಲ. ಇದೇ ಸಮಯಕ್ಕೆ ಕ್ಯಾಪ್ಶನ್ ಇರುವ ವಿಡಿಯೊ ಕರೆ ಏರ್ಪಡಿಸಬಹುದೇ? ಅದು ಆಗದಿದ್ದರೆ ಮುಖಾಮುಖಿ ಸಂದರ್ಶನಕ್ಕೂ ಸಿದ್ಧ.

ಇದರಲ್ಲಿ ಕ್ಷಮೆಯಿಲ್ಲ, ಇರಲೂ ಬಾರದು. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ಪರ್ಯಾಯ ಇಲ್ಲದ ಮೇಲ್‌ಗೆ ‘ಸಾಧ್ಯವಿಲ್ಲ’ ಎಂದು ಬಂದರೆ ಮಾತುಕತೆ ಅಲ್ಲೇ ನಿಲ್ಲುತ್ತದೆ. ವೈದ್ಯಕೀಯ ಪ್ರಮಾಣಪತ್ರವನ್ನು ಕೇಳದೆ ಲಗತ್ತಿಸಬೇಡಿ. ಒಮ್ಮೆ ಹೋದರೆ ಅದು ಎಷ್ಟು ಜನರ ಕೈ ದಾಟುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ. ಇನ್ನು ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪತ್ರಗಳು. ಅವುಗಳಲ್ಲಿ ಕಾನೂನಿನ ಕಲಮುಗಳು ತುಂಬಿರುತ್ತವೆ, ಬೇಕಾದ ಏರ್ಪಾಡಿನ ಜಾಗ ಖಾಲಿ ಇರುತ್ತದೆ. ಅವನ್ನು ಮುಟ್ಟದಿರುವುದೇ ಲೇಸು. ಸಮಂಜಸವಾದ ಅನುಕೂಲ ನಿರಾಕರಿಸುವುದೂ ತಾರತಮ್ಯವೇ ಎಂದು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ, ನಿಜ. ಆ ಮಾತು ನಿರಾಕರಣೆ ಬಂದ ಮೇಲೆ ಎತ್ತಬೇಕಾದ್ದು, ಮೊದಲ ಮೇಲ್‌ನಲ್ಲಲ್ಲ.

ಕೇಳುವುದಕ್ಕೂ ಒಂದು ಮಿತಿಯಿದೆ. ಮಾತು ತಲುಪುವ ದಾರಿ ಬದಲಿಸಿ ಎಂದು ಕೇಳಬಹುದು. ಕೆಲಸಕ್ಕೆ ಅಗತ್ಯವಾದ ಕೌಶಲದ ಪರೀಕ್ಷೆಯನ್ನೇ ಬಿಟ್ಟುಬಿಡಿ ಎಂದರೆ ಒಪ್ಪಿಗೆ ಸಿಗುವುದು ಕಷ್ಟ.

ಹೆಜ್ಜೆ 4: ಖಚಿತಪಡಿಸಿಕೊಳ್ಳಿ. ಎರಡು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಮೇಲ್‌ನ ಕೆಳಗೆ ಒಂದು ಸಾಲು ನೆನಪಿಸಿ. ‘ಸರಿ, ನೋಡೋಣ’ ಎಂಬ ಉತ್ತರ ಒಪ್ಪಿಗೆಯಲ್ಲ. ವಿಡಿಯೊ ಲಿಂಕ್ ಬಂದಿದೆಯೇ, ಕ್ಯಾಪ್ಶನ್ ಆನ್ ಮಾಡುವವರು ಯಾರು ಎಂದು ಕೇಳಿ. ಕೆಲವು ವ್ಯವಸ್ಥೆಗಳಲ್ಲಿ ಕರೆ ಏರ್ಪಡಿಸಿದವರು ಅನುಮತಿ ಕೊಡದೆ ನಿಮ್ಮ ಪರದೆಯಲ್ಲಿ ಕ್ಯಾಪ್ಶನ್ ಬರುವುದಿಲ್ಲ.

ಹೆಜ್ಜೆ 5: ಕರೆಯ ಆರಂಭದಲ್ಲಿ. ಎಚ್‌ಆರ್‌ಗೆ ಬರೆದದ್ದು ಸಂದರ್ಶಕರಿಗೆ ತಲುಪಿಲ್ಲ ಎಂದೇ ಭಾವಿಸಿ ಶುರುಮಾಡಿ. ‘ನಾನು ಕ್ಯಾಪ್ಶನ್ ಓದುತ್ತೇನೆ, ಅದು ಕೊಂಚ ತಡವಾಗಿ ಬರುತ್ತದೆ. ಒಬ್ಬೊಬ್ಬರಾಗಿ ಮಾತಾಡಿದರೆ ಅನುಕೂಲ’ ಎಂದು ಹೇಳಿ. ಇಷ್ಟು ಹೇಳಿದ್ದರೆ ಉತ್ತರಕ್ಕೆ ಮುಂಚಿನ ನಿಮ್ಮ ಮೌನವನ್ನು ಅವರು ತಡವರಿಕೆ ಎಂದುಕೊಳ್ಳುವುದಿಲ್ಲ. ನಡುವೆ ಕ್ಯಾಪ್ಶನ್ ನಿಂತರೆ ಊಹಿಸಿ ಉತ್ತರಿಸಬೇಡಿ, ಪ್ರಶ್ನೆಯನ್ನು ಚಾಟ್‌ನಲ್ಲಿ ಟೈಪ್ ಮಾಡಲು ಕೇಳಿ.